ಸಹಿಗೆ ಮುಂಚೆ ಕೇಳಿದರೆ ತಕರಾರೇ?

ಹೋದ ತಿಂಗಳು ಬೇಲೂರಿನಿಂದ ಭಾವ ಫೋನ್ ಮಾಡಿದ್ದರು. ಹಾಸನದಲ್ಲಿ ಇಂಜಿನಿಯರಿಂಗ್ ಮುಗಿಸಿದ ಅಕ್ಕನ ಮಗನಿಗೆ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಿಂದ ಆಫರ್ ಲೆಟರ್ ಬಂದಿತ್ತು. ಎರಡು ವರ್ಷದ ಬಾಂಡ್, ಮಧ್ಯೆ ಬಿಟ್ಟರೆ 2 ಲಕ್ಷ ಕಟ್ಟಬೇಕು, ಆರು ತಿಂಗಳು ಪ್ರೊಬೇಷನ್. "ಎರಡು ವರ್ಷ ಅಂದ್ರೆ ಯಾವತ್ತಿಂದ ಅಂತ ಕೇಳಿದ್ರಾ ಭಾವ?" ಅಂದೆ. "ಅದನ್ನೆಲ್ಲಾ ಕೇಳಬಾರದು ಕಣಯ್ಯಾ. ಸಹಿ ಹಾಕೋಕೆ ಮುಂಚೆನೇ ಬಿಟ್ಟುಹೋಗೋ ಮಾತಾಡಿದಂಗಾಗುತ್ತೆ" ಅಂದರು.

ಆ ಮಾತು ಮನಸ್ಸಿಗೆ ಚುಚ್ಚಿತು. ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿ ಕೆಲಸದ ಕರಾರುಪತ್ರ ಕೈಗೆ ಬಂದ ಮೇಲೆ ಜನ ಅದನ್ನು ಮನೆಗೆ ಒಯ್ದು ಓದುತ್ತಾರೆ, ಅರ್ಥವಾಗದ ಸಾಲಿಗೆ ಗುರುತು ಹಾಕಿ ಕಂಪನಿಗೆ ಬರೆಯುತ್ತಾರೆ, ಎಚ್‌ಆರ್‌ನವರು ಉತ್ತರ ಕೊಡುತ್ತಾರೆ. ಹಾಗೆ ಬರೆದವನಿಗೆ ಕೆಲಸ ಬೇಡವೇನೋ ಎಂದು ಯಾರೂ ಅಂದುಕೊಳ್ಳುವುದಿಲ್ಲ. ನಮ್ಮಲ್ಲೂ ಕೇಳುವ ಬುದ್ಧಿ ಇಲ್ಲದೆ ಇಲ್ಲ. ಇದೇ ಭಾವ ಕಾಫಿ ಮಾರುವಾಗ ಮಾಯಿಶ್ಚರ್ ಎಷ್ಟಕ್ಕೆ ಹಿಡಿಯುತ್ತೀರಿ, ಔಟ್‌ಟರ್ನ್ ಎಷ್ಟು, ದುಡ್ಡು ಯಾವತ್ತು ಎಂದು ಕೇಳದೆ ಒಂದು ಮೂಟೆ ಲೋಡ್ ಮಾಡಿಸಿದವರಲ್ಲ. ಮಗನ ಎರಡು ವರ್ಷಕ್ಕೆ ಮಾತ್ರ ಕೇಳಬಾರದಂತೆ!

ಹುಡುಗನಿಗೆ ಲೆಟರ್ ಕಳಿಸು ಅಂದೆ. ಬಾಂಡ್ ಬಗ್ಗೆ ಅದರಲ್ಲಿದ್ದದ್ದು ಒಂದೇ ಸಾಲು: ಕೆಲಸಕ್ಕೆ ಸೇರುವ ದಿನ ಸರ್ವಿಸ್ ಅಗ್ರಿಮೆಂಟ್‌ಗೆ ಸಹಿ ಹಾಕತಕ್ಕದ್ದು. ಮೊದಲು ಎಡವುವುದು ಇಲ್ಲೇ. ನಿಜವಾದ ಷರತ್ತುಗಳೆಲ್ಲ ಆ ಎರಡನೇ ಕಾಗದದಲ್ಲಿರುತ್ತವೆ, ಅದು ಎದುರಿಗೆ ಬರುವುದು ಬೆಂಗಳೂರಿನಲ್ಲಿ ಪಿಜಿಗೆ ಅಡ್ವಾನ್ಸ್ ಕೊಟ್ಟು, ಬೇರೆ ಆಫರ್‌ಗೆ ಬೇಡ ಎಂದು ಹೇಳಿ ಬಂದ ದಿನ. ಆಗ ಓದಿ ಏನು ಪ್ರಯೋಜನ? ಹಾಗಾಗಿ ಮೊದಲ ಪ್ರಶ್ನೆ ಹಣದ್ದಲ್ಲ, ಕಾಗದದ್ದು: ಆ ಅಗ್ರಿಮೆಂಟ್‌ನ ಡ್ರಾಫ್ಟ್ ಈಗಲೇ ಕಳಿಸಿ ಎಂದು ಕೇಳುವುದು. ಹುಡುಗ ಕೇಳಿದ, ಮಾರನೇ ದಿನವೇ ಕಳಿಸಿದರು.

ಡ್ರಾಫ್ಟ್‌ನಲ್ಲಿ ಬಾಂಡ್ ಅವಧಿ 24 ತಿಂಗಳು ಎಂದಿತ್ತು, ಶುರುವಾಗುವುದು ಯಾವತ್ತಿಂದ ಎಂದು ಎಲ್ಲೂ ಇರಲಿಲ್ಲ. ಬೇರೆ ಕಡೆ, ಪ್ರೊಬೇಷನ್ ಆರು ತಿಂಗಳು, ಕಂಪನಿ ಬಯಸಿದರೆ ಇನ್ನೂ ಮೂರು ತಿಂಗಳು ಮುಂದುವರಿಸಬಹುದು, ಲಿಖಿತವಾಗಿ ಕನ್ಫರ್ಮೇಷನ್ ಕೊಡುವವರೆಗೆ ನೌಕರ ಪ್ರೊಬೇಷನ್‌ನಲ್ಲೇ ಇರುತ್ತಾನೆ ಎಂದಿತ್ತು. ಈ ಎರಡು ಮಾತು ಒಂದನ್ನೊಂದು ಮುಟ್ಟಿದರೆ ಏನಾಗುತ್ತದೆ ಎಂದು ಹುಡುಗನ ಜೊತೆ ಫೋನಿನಲ್ಲೇ ಲೆಕ್ಕ ಹಾಕಿದೆ.

ಸೇರಿ ಸರಿಯಾಗಿ 18 ತಿಂಗಳಿಗೆ ಅವನು ಕೆಲಸ ಬಿಡುತ್ತಾನೆ ಅಂದುಕೊಳ್ಳಿ. ಬಾಂಡ್ ಸೇರಿದ ದಿನದಿಂದ ಶುರುವಾಗಿದ್ದರೆ ಉಳಿದದ್ದು ಆರು ತಿಂಗಳು. 2 ಲಕ್ಷವನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 8,333 ರೂಪಾಯಿ, ಅಂದರೆ ಆರು ತಿಂಗಳಿಗೆ 50,000. ಬಾಂಡ್ ಕನ್ಫರ್ಮೇಷನ್‌ನಿಂದ ಶುರುವೆಂದಾದರೆ 12 ತಿಂಗಳು ಬಾಕಿ, ಕಟ್ಟುವುದು 1 ಲಕ್ಷ. ಪ್ರೊಬೇಷನ್ ಒಂಬತ್ತು ತಿಂಗಳಿಗೆ ಎಳೆದಿದ್ದರೆ ಬಾಕಿ 15 ತಿಂಗಳು, 1,25,000. ಇಷ್ಟೂ ಲೆಕ್ಕ ನಿಲ್ಲುವುದು ದುಡಿದ ತಿಂಗಳಿಗೆ ತಕ್ಕಂತೆ ಮೊತ್ತ ಇಳಿಯುತ್ತದೆ ಎಂದು ಬರೆದಿದ್ದರೆ ಮಾತ್ರ. ಹಾಗೆ ಬರೆಯದಿದ್ದರೆ 23ನೇ ತಿಂಗಳಲ್ಲಿ ಬಿಟ್ಟರೂ ಅವರು ಪೂರ್ತಿ 2 ಲಕ್ಷ ಕೇಳಬಹುದು. ಹುಡುಗ ಅದೇ, ರಾಜೀನಾಮೆ ಅದೇ ದಿನದ್ದು, ಮೊತ್ತ ಮಾತ್ರ ನಾಲ್ಕು ಥರ. "ಇದೊಂದು ತಾರೀಖಿಗೆ ಇಷ್ಟು ವ್ಯತ್ಯಾಸನಾ ಮಾವ?" ಅಂದ. ಕೇಳಬೇಕಾಗಿದ್ದದ್ದೂ ಅದೊಂದು ತಾರೀಖನ್ನೇ.

ಇನ್ನೊಂದು ಪದ ನನಗೆ ಅದಕ್ಕಿಂತ ಭಯ ತಂದಿತು. ಯಾವುದೇ ಕಾರಣದಿಂದ ಸೇವೆ ಕೊನೆಗೊಂಡರೂ ಹಣ ಕಟ್ಟಬೇಕು ಎಂದಿತ್ತು. ಯಾವುದೇ ಕಾರಣ ಎಂದರೆ, ನಿನ್ನ ಕೆಲಸ ಸರಿಯಿಲ್ಲ ಎಂದು ಪ್ರೊಬೇಷನ್‌ನಲ್ಲಿ ಕಂಪನಿಯೇ ತೆಗೆದುಹಾಕಿದರೂ ಸೇರಿತು. ಅದೇ ಡ್ರಾಫ್ಟ್‌ನಲ್ಲಿ ಪ್ರೊಬೇಷನ್ ವೇಳೆ ಕಂಪನಿ 15 ದಿನದ ನೋಟಿಸ್ ಕೊಟ್ಟು ಕಳಿಸಬಹುದು, ಹುಡುಗ ಬಿಡುವುದಾದರೆ 90 ದಿನ. ಜರ್ಮನಿಯಲ್ಲಿ ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ, ಆ ಅವಧಿಯಲ್ಲಿ ಸಾಮಾನ್ಯವಾಗಿ ಎರಡೂ ಕಡೆಗೆ ನೋಟಿಸ್ ಎರಡೇ ವಾರ. ನನಗೆ ಇಲ್ಲಿ ಮೆಚ್ಚುಗೆಯಾದದ್ದು ಆ ಸಮತೂಕ. ತರಬೇತಿಯ ಖರ್ಚನ್ನು ವಾಪಸ್ ಕೇಳುವ ಕರಾರು ಇಲ್ಲೂ ಉಂಟು, ಆದರೆ ಕೋರ್ಟುಗಳು ಅದಕ್ಕೆ ಅಳತೆ ಹಾಕಿಕೊಟ್ಟಿವೆ: ಒಂದು ತಿಂಗಳವರೆಗಿನ ತರಬೇತಿಗೆ ಸುಮಾರು ಆರು ತಿಂಗಳ ಬಂಧ, ಎರಡು ತಿಂಗಳಿಗೆ ಒಂದು ವರ್ಷ. ಮೊತ್ತ ತಿಂಗಳು ತಿಂಗಳು ಇಳಿಯಬೇಕು. ಕಂಪನಿಯ ತಪ್ಪಿಂದ ಬಿಟ್ಟವನನ್ನೂ ತಾನಾಗಿ ಬಿಟ್ಟವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಆ ಕರಾರೇ ಬಿದ್ದುಹೋಗುತ್ತದೆ.

ನಮ್ಮಲ್ಲಿ ಕಾನೂನಿಲ್ಲ ಎಂದಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕಾಗದದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರವನ್ನು. ಆದರೆ ಅದನ್ನೇ ನಂಬಿ, ಬಾಂಡ್ ಎಲ್ಲಾ ಸುಮ್ಮನೆ, ನಿಲ್ಲೋದಿಲ್ಲ ಎಂದು ಸೀನಿಯರ್‌ಗಳು ಹೇಳುತ್ತಾರಲ್ಲ, ಅದು ಈಗ ಅಪಾಯದ ಮಾತು. ವಿಜಯಾ ಬ್ಯಾಂಕಿನ ಒಂದು ಪ್ರಕರಣದಲ್ಲಿ ಮೂರು ವರ್ಷಕ್ಕೆ ಮುಂಚೆ ಬಿಟ್ಟ ಅಧಿಕಾರಿ 2 ಲಕ್ಷ ಕಟ್ಟಿ, ಆಮೇಲೆ ಅದನ್ನು ಪ್ರಶ್ನಿಸಿದ್ದರು. ಕರ್ನಾಟಕ ಹೈಕೋರ್ಟ್ ಅವರ ಪರವಾಗಿತ್ತು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಅವರು ಒಳ್ಳೆಯ ಸಂಬಳದ ಸೀನಿಯರ್ ಮ್ಯಾನೇಜರ್, ಸರ್ಕಾರಿ ಬ್ಯಾಂಕಿಗೆ ಹೊಸಬರನ್ನು ತುಂಬಿಕೊಳ್ಳಲು ಜಾಹೀರಾತು, ಪರೀಕ್ಷೆ ಎಂದು ಖರ್ಚಿದೆ, ಆ ಲೆಕ್ಕದಲ್ಲಿ ಮೊತ್ತ ಹೆಚ್ಚಲ್ಲ ಎಂಬ ನೋಟ ಅದರಲ್ಲಿದೆ. ತಿಂಗಳಿಗೆ 25,000 ತರುವ ಹೊಸ ಹುಡುಗನಿಗೆ ಅದೇ 2 ಲಕ್ಷ ಬೇರೆ ತೂಕದ್ದು, ಆದರೆ ಆ ವಾದವನ್ನು ಮಂಡಿಸಲು ವಕೀಲರನ್ನು ಹಿಡಿಯುವ ಬದಲು ಒಂದು ಇಮೇಲ್ ಬರೆಯುವುದು ಅಗ್ಗ.

ಬೇರೆ ಕಂಪನಿ ಸೇರಬಾರದೆಂಬ ನಾನ್-ಕಂಪೀಟ್ ಷರತ್ತಿನ ಕಥೆ ಇದಕ್ಕೆ ತಿರುಗುಮುರುಗು. ಕೆಲಸ ಬಿಟ್ಟ ಮೇಲೆ ಒಂದು ವರ್ಷ ಅದೇ ಥರದ ಕಂಪನಿಗೆ ಸೇರಬಾರದು ಎಂದು ಡ್ರಾಫ್ಟ್‌ನಲ್ಲಿತ್ತು. ನಮ್ಮ ಕಾಯ್ದೆಯ 27ನೇ ಕಲಂ ಮುಂದೆ ಇಂಥದ್ದು ನಿಲ್ಲುವುದು ಕಷ್ಟ. ಕೆಲಸದಲ್ಲಿರುವ ಅವಧಿಗೆ ಹಾಕಿದ ತಡೆ ಸಾಮಾನ್ಯವಾಗಿ ನಿಲ್ಲುತ್ತದೆ, 1967ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಆ ಪ್ರಕರಣದಲ್ಲಿ ಐದು ವರ್ಷದ ಕರಾರನ್ನು ನಡುವೆ ಮುರಿದು ಪೈಪೋಟಿ ಕಂಪನಿಗೆ ಹೋದವರನ್ನು ಕರಾರಿನ ಅವಧಿಯೊಳಗೆ ತಡೆಯಲಾಯಿತು. ಅಂದರೆ ಬಾಂಡ್ ಮುಗಿಯುವ ತಾರೀಖು ಇಲ್ಲಿಗೂ ಬೇಕು. ಕಂಪನಿಯ ಗುಟ್ಟನ್ನು ಹೊರಗೆ ಹೇಳಬಾರದು ಎಂಬ ಷರತ್ತು ಬೇರೆಯೇ, ಅದು ಬಿಟ್ಟ ಮೇಲೂ ಕಟ್ಟಿಹಾಕುತ್ತದೆ. ಜರ್ಮನಿಯಲ್ಲಿ ಬಿಟ್ಟ ಮೇಲೂ ತಡೆಯಬಹುದು, ಹೆಚ್ಚೆಂದರೆ ಎರಡು ವರ್ಷ. ಆದರೆ ಅಷ್ಟು ದಿನವೂ ಕೊನೆಗೆ ಪಡೆಯುತ್ತಿದ್ದ ಸಂಬಳದ ಕನಿಷ್ಠ ಅರ್ಧ ಕೊಡಬೇಕು. ಕೊಡುತ್ತೇವೆ ಎಂದು ಬರೆಯದಿದ್ದರೆ ಆ ತಡೆಯೇ ಇಲ್ಲ.

ಹುಡುಗ ಎಚ್‌ಆರ್‌ಗೆ ಮೊದಲು ಫೋನ್ ಮಾಡಿದ್ದ. "ಅದೆಲ್ಲಾ ಫಾರ್ಮಾಲಿಟಿ, ಯಾರ ಹತ್ರನೂ ದುಡ್ಡು ಕೇಳಿಲ್ಲ" ಎಂದರಂತೆ. ಫೋನಿನ ಮಾತಿಗೆ ಬೆಲೆಯಿಲ್ಲದಂತೆ ಮಾಡುವ ಸಾಲು ಅದೇ ಡ್ರಾಫ್ಟ್‌ನ ಕೊನೆಯಲ್ಲಿದೆ: ಈ ಕಾಗದಕ್ಕೆ ಮುಂಚಿನ ಯಾವ ಮಾತುಕತೆಯೂ ಲೆಕ್ಕಕ್ಕಿಲ್ಲ. ಆದ್ದರಿಂದ ಇಮೇಲ್ ಬರೆಸಿದೆ, ಪ್ರಶ್ನೆಯಾಗಿ ಅಲ್ಲ, ತಾನು ತಿಳಿದುಕೊಂಡದ್ದಾಗಿ. "ಕೆಲಸ ಸಿಕ್ಕಿದ್ದಕ್ಕೆ ಸಂತೋಷ, ಸೇರಲು ಸಿದ್ಧನಿದ್ದೇನೆ. 24 ತಿಂಗಳು ಸೇರಿದ ದಿನದಿಂದ ಲೆಕ್ಕ, ಮೊತ್ತ ತಿಂಗಳಿಗೆ ತಕ್ಕಂತೆ ಇಳಿಯುತ್ತದೆ, ನಾನಾಗಿ ರಾಜೀನಾಮೆ ಕೊಟ್ಟರೆ ಮಾತ್ರ ಅನ್ವಯ, ಬೇರೆ ಕಡೆ ಸೇರಬಾರದೆಂಬುದು ಕೆಲಸದಲ್ಲಿರುವವರೆಗೆ ಮಾತ್ರ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ತಪ್ಪಿದ್ದರೆ ತಿಳಿಸಿ, ಸರಿಯಿದ್ದರೆ ಅಗ್ರಿಮೆಂಟ್‌ನಲ್ಲಿ ಸೇರಿಸಿ." ಹೀಗೆ ಬರೆದರೆ ಬಿಟ್ಟುಹೋಗುವ ವಾಸನೆ ಬರುವುದಿಲ್ಲ, ಉತ್ತರಿಸುವವರಿಗೂ ಹೌದು ಅಲ್ಲ ಎಂದರೆ ಸಾಕು.

ಇದರ ಜೊತೆಗೆ ಕಂಪನಿಯದು ಇನ್ನೊಂದು ಕೇಳಿಕೆಯೂ ಇತ್ತು. ಜಾಮೀನಾಗಿ ತಂದೆಯ ಸಹಿ, ಮೊತ್ತ ಬರೆಯದ ಒಂದು ಚೆಕ್, ಮಾರ್ಕ್ಸ್ ಕಾರ್ಡ್‌ಗಳ ಒರಿಜಿನಲ್ ಬೇಕೆಂದಿದ್ದರು. ಖಾಲಿ ಚೆಕ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡ ಅಂದೆ. ಬಾಂಡ್ ಹಣದ ಜಗಳ ಸಿವಿಲ್ ವ್ಯಾಜ್ಯ, ಚೆಕ್ ಬೌನ್ಸ್ ಆದರೆ ಅದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂನ ಕ್ರಿಮಿನಲ್ ಕೇಸಾಗಿ ಕೂರುತ್ತದೆ. ಮಾರ್ಕ್ಸ್ ಕಾರ್ಡ್ ತೋರಿಸಿ, ಜೆರಾಕ್ಸ್ ಕೊಟ್ಟು, ಒರಿಜಿನಲ್ ವಾಪಸ್ ತರಬೇಕು. ಅದು ಅವರ ಬೀರುವಿನಲ್ಲಿದ್ದರೆ ಬಾಂಡ್ ಮುಗಿದ ಮೇಲೂ ಹುಡುಗ ಮುಗಿದಿರುವುದಿಲ್ಲ.

ಇಷ್ಟು ಬರೆದ ಮೇಲೆ ಕಂಪನಿಯ ಕಡೆಯದನ್ನೂ ಹೇಳದಿದ್ದರೆ ನ್ಯಾಯವಲ್ಲ. ಕೋಡ್ ಬರೆಯಲು ಸರಿಯಾಗಿ ಬಾರದ ಹುಡುಗನನ್ನು ತೆಗೆದುಕೊಂಡು, ಸಂಬಳ ಕೊಟ್ಟು ನಾಲ್ಕು ತಿಂಗಳು ಕಲಿಸಿ ಕೆಲಸಕ್ಕೆ ಹಚ್ಚುವ ಕಂಪನಿ ಅದು. ಕಲಿತ ಮೂರನೇ ತಿಂಗಳಿಗೆ ಅರ್ಧ ಬ್ಯಾಚ್ ಬೇರೆ ಕಡೆಗೆ ಹಾರಿದರೆ ಅವರೇನು ಮಾಡಬೇಕು? ಜರ್ಮನಿಯಲ್ಲಿ ಅಷ್ಟೇ ಗೊತ್ತಿರುವ ಹುಡುಗನಿಗೆ ಆ ಕೆಲಸವೇ ಸಿಗುತ್ತಿರಲಿಲ್ಲ. ಇಲ್ಲಿನವರು ಕರಾರನ್ನು ಬಿಡಿಸಿ ಬರೆಯುವುದೂ ಔದಾರ್ಯಕ್ಕಲ್ಲ, ತಪ್ಪಿದರೆ ಕೋರ್ಟು ಇಡೀ ಷರತ್ತನ್ನೇ ಎತ್ತಿ ಹಾಕುತ್ತದೆ ಎಂಬ ಹೆದರಿಕೆಗೆ. ಮೊದಲ ಆರು ತಿಂಗಳಲ್ಲಿ ಇಲ್ಲೂ ಹೆಚ್ಚು ಕಾರಣ ಹೇಳದೆ ಕಳಿಸಬಹುದು. ಆಮೇಲೆ, ಆ ಕಂಪನಿ ನಿಜಕ್ಕೂ ದುಡ್ಡು ವಸೂಲಿ ಮಾಡುತ್ತದೆಯೇ ಎಂದು ಭಾವ ಅರ್ಧ ದಿನದಲ್ಲಿ ಪತ್ತೆ ಮಾಡಿದ್ದರು: ಪಕ್ಕದ ತೋಟದವರ ತಂಗಿಯ ಮಗ ಅಲ್ಲೇ ಇದ್ದನಂತೆ, ಅವನ ರಿಲೀವಿಂಗ್ ಲೆಟರ್ ಹಣ ಕಟ್ಟುವವರೆಗೆ ತಡೆದಿಟ್ಟಿದ್ದರಂತೆ. ಅಂಥ ಸುದ್ದಿ ನನಗೆ ಸ್ಟುಟ್‌ಗಾರ್ಟ್‌ನಲ್ಲಿ ಯಾರು ತಂದುಕೊಡುತ್ತಾರೆ?

ಮೂರನೇ ದಿನ ಉತ್ತರ ಬಂತು. ಬಾಂಡ್ ಸೇರಿದ ದಿನದಿಂದಲೇ, ಕಂಪನಿ ತೆಗೆದರೆ ಹಣವಿಲ್ಲ, ನಾನ್-ಕಂಪೀಟ್ ಕೆಲಸದಲ್ಲಿರುವವರೆಗೆ, ಚೆಕ್ ಬೇಡ, ಒರಿಜಿನಲ್ ನೋಡಿ ಕೊಡುತ್ತೇವೆ. ತಿಂಗಳಿಗೆ ತಕ್ಕ ಇಳಿಕೆಗೆ ಮಾತ್ರ ಒಪ್ಪಲಿಲ್ಲ, ತಂದೆಯ ಜಾಮೀನೂ ಬೇಕೆಂದರು. ತಿದ್ದಿದ ಅಗ್ರಿಮೆಂಟ್ ಓದಿ ಹುಡುಗ ಸಹಿ ಹಾಕಿದ, ಭಾವನೂ ಹಾಕಿದರು. ಬಾಂಡ್ ಮುಗಿಯುವ ತಾರೀಖನ್ನು ಭಾವ ಕಾಫಿ ಲೆಕ್ಕದ ಡೈರಿಯ ಕೊನೇ ಪುಟದಲ್ಲಿ ಬರೆದಿಟ್ಟುಕೊಂಡಿದ್ದಾರೆ ಎಂದು ಅಕ್ಕ ಹೇಳಿದಳು.