ಮೇಲಿನ ಮಿತಿ x² ಆದಾಗ ಆ 2x ಎಲ್ಲಿಂದ ಬರುತ್ತದೆ?

ಅನುಕಲದ ಮೇಲಿನ ಮಿತಿಯಲ್ಲಿ x ಬದಲು x² ಇದ್ದರೆ ಅದರ ಅವಕಲನಕ್ಕೆ ಬೇರೆಯೇ ಒಂದು ಸೂತ್ರವಿದೆ ಎಂಬಂತೆ ಪಿಯುಸಿ ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸುವುದು ನನಗೆ ಸರಿಕಾಣುವುದಿಲ್ಲ. ಅಲ್ಲಿರುವುದು ಕಲನಶಾಸ್ತ್ರದ ಮೂಲಭೂತ ಪ್ರಮೇಯ ಮತ್ತು ಅದರ ಬೆನ್ನಿಗೆ ಬರುವ ಚೈನ್ ರೂಲ್, ಇವೆರಡೇ.

ಈ ಫಲನವನ್ನು ನೋಡಿ:

F(x) = ∫₀^(x²) e^(−t²) dt

ಮೊದಲು ಅನುಕಲನ ಮಾಡಿ ಆಮೇಲೆ ಅವಕಲಿಸೋಣ ಎಂದು ಹೊರಟವರು ಇಲ್ಲಿ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತಾರೆ, ಏಕೆಂದರೆ e^(−t²) ನ ಪ್ರತ್ಯವಕಲಜವನ್ನು ನಮಗೆ ಪರಿಚಯವಿರುವ ಸಾಮಾನ್ಯ ಫಲನಗಳಲ್ಲಿ ಬರೆಯಲು ಬರುವುದಿಲ್ಲ. ಅದರ ಅಗತ್ಯವೂ ಇಲ್ಲ. ಮೇಲಿನ ಮಿತಿಯನ್ನು u ಎಂದು ಕರೆದು G(u) = ∫₀^u e^(−t²) dt ಎಂದು ಬರೆದರೆ, e^(−t²) ಎಲ್ಲೆಡೆ ನಿರಂತರವಾಗಿರುವುದರಿಂದ, ಮೂಲಭೂತ ಪ್ರಮೇಯದಂತೆ G′(u) = e^(−u²). ನಮ್ಮ F(x) ಎಂದರೆ G(x²); ಆದ್ದರಿಂದ F′(x) = G′(x²) · 2x = 2x e^(−x⁴).

ಬಹಳಷ್ಟು ಉತ್ತರಪತ್ರಿಕೆಗಳಲ್ಲಿ ಈ 2x ಬಿಟ್ಟುಹೋಗಿ ಬರೀ e^(−x⁴) ಉಳಿದಿರುತ್ತದೆ. ಅದು ತಪ್ಪೆಂದು ತಿಳಿಯಲು ಉತ್ತರಸೂಚಿ ನೋಡಬೇಕಾಗಿಲ್ಲ. x ಬೆಲೆ −1 ರಿಂದ 0 ಕಡೆಗೆ ಬರುವಾಗ ಮೇಲಿನ ಮಿತಿ 1 ರಿಂದ 0 ಗೆ ಇಳಿಯುತ್ತದೆ, ವಿಸ್ತೀರ್ಣ ಕುಗ್ಗುತ್ತದೆ. ಹಾಗಾಗಿ ಅಲ್ಲಿ F′ ಋಣವಾಗಿರಲೇಬೇಕು. e^(−x⁴) ಎಂದೂ ಋಣವಾಗುವುದಿಲ್ಲ. ಬಾಯಿಪಾಠದ ಸೂತ್ರ ಈ ತಪಾಸಣೆಯನ್ನು ಕಲಿಸುವುದಿಲ್ಲ ಎಂಬುದೇ ನನ್ನ ಮುಖ್ಯ ತಕರಾರು.

ಅಂಕಿಗಳಲ್ಲಿ ನೋಡುವುದಾದರೆ, x ಅನ್ನು 1 ರಿಂದ 1.01 ಕ್ಕೆ ಸರಿಸಿದಾಗ ಮೇಲಿನ ಮಿತಿ 1.0201 ಕ್ಕೆ ಹೋಗುತ್ತದೆ, ಅಂದರೆ ಅದು x ಗಿಂತ ಸುಮಾರು ಎರಡರಷ್ಟು ದೂರ ಸಾಗುತ್ತದೆ. ಹೊಸದಾಗಿ ಸೇರಿದ ಪಟ್ಟಿಯ ಅಗಲ 0.0201, ಸರಾಸರಿ ಎತ್ತರ ಸುಮಾರು 0.36, ವಿಸ್ತೀರ್ಣವನ್ನು 0.01 ರಿಂದ ಭಾಗಿಸಿದರೆ 0.72 ರ ಆಸುಪಾಸು ಸಿಗುತ್ತದೆ. ಸರಿಸುವ ದೂರವನ್ನು 0.001 ಕ್ಕೆ ಇಳಿಸಿದರೆ ಸುಮಾರು 0.735. ಇದು 2/e, ಅಂದರೆ 0.736 ರತ್ತ ಸಾಗುತ್ತಿದೆ. 2x ಮರೆತವರ ಉತ್ತರವಾದ 0.368 ಅದರ ಸರಿಯಾಗಿ ಅರ್ಧ.

ಕೆಳಗಿನ ಮಿತಿ 0 ಬದಲು 5 ಆಗಿದ್ದರೂ F′ ಬದಲಾಗುವುದಿಲ್ಲ, ಏಕೆಂದರೆ ವ್ಯತ್ಯಾಸ ಒಂದು ಸ್ಥಿರಾಂಕ ಮಾತ್ರ. ಆದರೆ ಅನುಕಲದ ಒಳಗೇ x ನುಸುಳಿದ್ದರೆ ಮೇಲಿನ ವಿಧಾನವನ್ನು ನೇರವಾಗಿ ಹಚ್ಚಬಾರದು. ∫₀^(x²) x cos t dt ಇದ್ದಾಗ ಹಾಗೆ ಮಾಡಿದವರಿಗೆ 2x² cos x² ಎಂದಷ್ಟೇ ಸಿಗುತ್ತದೆ. ಇಲ್ಲಿ ಬದಲಾಗುತ್ತಿರುವುದು ಮಿತಿಯೊಂದೇ ಅಲ್ಲ, ಇಡೀ ವಕ್ರರೇಖೆಯ ಎತ್ತರವೂ ಹೌದು. t ಯ ಮಟ್ಟಿಗೆ x ಸ್ಥಿರವಾದ್ದರಿಂದ ಅದನ್ನು ಹೊರಗೆ ತೆಗೆದರೆ ಫಲನ x sin x² ಆಗುತ್ತದೆ, ಅದರ ಅವಕಲನದಲ್ಲಿ ಬಿಟ್ಟುಹೋಗಿದ್ದ sin x² ಕೂಡ ಬಂದು ಸೇರುತ್ತದೆ.