ಆಫರ್ ರದ್ದಾದರೆ ಮೂರು ತಿಂಗಳ ಸಂಬಳ ಗ್ಯಾರಂಟಿಯೇ? ಸತ್ಯಾಂಶ

"ಸೇರುವ ಮೊದಲೇ ಕಂಪನಿ ಆಫರ್ ವಾಪಸ್ ಪಡೆದರೆ ಮೂರು ತಿಂಗಳ ಸಂಬಳ ಕೊಡಲೇಬೇಕು. ಎಲ್ಲರಿಗೂ ಕಳಿಸಿ."

ಎಲ್ಲೆಡೆಗೂ ಅನ್ವಯಿಸುವ ಅಂಥ ನಿಯಮವಿಲ್ಲ. ಮೊದಲು ನೋಡಬೇಕಾದ್ದು ಆಫರ್ ಪತ್ರದ ಷರತ್ತುಗಳನ್ನು. ಹಿನ್ನೆಲೆ ಪರಿಶೀಲನೆ ಅಥವಾ ವೈದ್ಯಕೀಯ ತಪಾಸಣೆಗೆ ಒಳಪಟ್ಟ ಆಫರ್ ಆಗಿದ್ದು, ಅದರಲ್ಲಿ ನೀವು ತೇರ್ಗಡೆಯಾಗದಿದ್ದರೆ ವಾದಕ್ಕೆ ಬಲ ಕಡಿಮೆ. ಷರತ್ತಿಲ್ಲದ ಆಫರನ್ನು ಲಿಖಿತವಾಗಿ ಒಪ್ಪಿದ್ದರೆ ಹಲವು ದೇಶಗಳಲ್ಲಿ ಅದು ಒಪ್ಪಂದವೇ. ಆಗಲೂ ಪರಿಹಾರ ಸಾಮಾನ್ಯವಾಗಿ ನೋಟಿಸ್ ಅವಧಿಯ ಸಂಬಳದ ಆಸುಪಾಸಿನಲ್ಲೇ ನಿಲ್ಲುತ್ತದೆ. ಪ್ರೊಬೇಷನ್‌ನಲ್ಲಿ 15 ದಿನದ ನೋಟಿಸ್ ಎಂದಿದ್ದರೆ 15 ದಿನದ ಸಂಬಳ. ಊರು ಬದಲಿಸಲು ಮಾಡಿದ ಖರ್ಚನ್ನೂ ರಸೀದಿ ಸಮೇತ ಕೇಳಬಹುದು, ಸಿಕ್ಕೇ ಸಿಗುತ್ತದೆ ಎನ್ನಲಾಗದು.

ಹಣಕ್ಕಿಂತ ತುರ್ತು ಹಳೆಯ ಕೆಲಸದ್ದು. ನೋಟಿಸ್ ಅವಧಿ ಮುಗಿದಿಲ್ಲವೆಂದರೆ ಅಂದೇ ಮ್ಯಾನೇಜರ್ ಜೊತೆ ಮಾತಾಡಿ, ರಾಜೀನಾಮೆ ಹಿಂಪಡೆಯುವ ಇಮೇಲ್ ಕಳಿಸಿ. ಒಪ್ಪುವುದು ಬಿಡುವುದು ಹೆಚ್ಚಾಗಿ ಅವರ ಕೈಯಲ್ಲಿರುತ್ತದೆ. ನಿಮ್ಮ ಜಾಗಕ್ಕೆ ಬೇರೆಯವರು ಬಂದ ಮೇಲೆ ಕೇಳಿ ಫಲವಿಲ್ಲ.

ಹೊಸ ಕಂಪನಿ ಫೋನಿನಲ್ಲಷ್ಟೇ ಹೇಳಿದ್ದರೆ, ಇದು ರದ್ದತಿಯೋ ಮುಂದೂಡಿಕೆಯೋ, ಕಾರಣವೇನು ಎಂದು ಇಮೇಲಿನಲ್ಲಿ ಕೇಳಿ. ಪೋರ್ಟಲ್ ಲಾಗಿನ್ ಮುಚ್ಚುವ ಮುನ್ನ ಆಫರ್, ಒಪ್ಪಿಗೆಯ ಪ್ರತಿಗಳನ್ನು ಇಳಿಸಿಕೊಳ್ಳಿ. ಸಣ್ಣ ಮೊತ್ತ ಕೊಟ್ಟು "ಇನ್ನು ಯಾವ ಹಕ್ಕೂ ಇಲ್ಲ" ಎಂಬ ಪತ್ರಕ್ಕೆ ಸಹಿ ಕೇಳಿದರೆ, ಸ್ಥಳೀಯ ಕಾರ್ಮಿಕ ವಕೀಲರಿಗೆ ತೋರಿಸದೆ ಹಾಕಬೇಡಿ.

ಕೆಲಸವಿಲ್ಲದೆ ಎಷ್ಟು ದಿನ ನಡೆಯುತ್ತದೆ ಎಂದೂ ಲೆಕ್ಕ ಹಾಕಿ: ಉಳಿತಾಯ 1,60,000 ರೂಪಾಯಿ, ತಿಂಗಳ ಖರ್ಚು 40,000 ಇದ್ದರೆ ನಾಲ್ಕು ತಿಂಗಳು ನಡೆಯುತ್ತದೆ. ಖರ್ಚು 32,000ಕ್ಕೆ ಇಳಿದರೆ ಐದು. ಪರಿಹಾರದ ಹಣವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಹೊಸ ಕೆಲಸದ ಹುಡುಕಾಟದ ದಾಖಲೆಯನ್ನಂತೂ ಇಟ್ಟುಕೊಳ್ಳಿ: ನಷ್ಟ ತಗ್ಗಿಸಲು ಯತ್ನಿಸಿದಿರಾ ಎಂದು ನ್ಯಾಯಾಲಯ ಕೇಳಬಹುದು.