ಹೂ ಬಂದ ದಿನ ಬೇಡ

ಸಿದ್ದಾಪುರದ ಕಡೆಯ ಈ ಕಾಫಿ ತೋಟದ ರೈಟರ್ ಕೆಲಸವನ್ನು, ಅಂದರೆ ಲೆಕ್ಕ ಮತ್ತು ಉಸ್ತುವಾರಿಯ ಕೆಲಸವನ್ನು, ಬಿಟ್ಟು ಬೇರೊಂದು ತೋಟಕ್ಕೆ ಹೊರಟಿರುವ ನನ್ನನ್ನು ಮೊನ್ನೆ ಸಾಹುಕಾರರು ಕರೆದು, ಹೊಸಬರಿಗಾಗಿ ಒಂದು ಟಿಪ್ಪಣಿ ಬರೆದಿಡುವಂತೆ ಹೇಳಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಮೇಜಿನ ಖಾನೆಯಿಂದ, ನನಗಿಂತ ಹಿಂದಿದ್ದ ರೈಟರು ನನಗಾಗಿ ಬಿಟ್ಟುಹೋಗಿದ್ದ ಕಾಗದವನ್ನು ತೆಗೆದು ತೋರಿಸಿ, “ಇವರ ಹಾಗೆ ಚುಟುಕಾಗಿರಲಿ, ನೋಡಿ, ಎಷ್ಟು ಅಚ್ಚುಕಟ್ಟು” ಎಂದರು.

ಆ ಅಚ್ಚುಕಟ್ಟು ಹೀಗಿದೆ: “ಮಳೆ: ಬೆಳಿಗ್ಗೆ 8. ಪಂಪ್ ಎತ್ತದಿದ್ದರೆ ನೀರು. ಬ್ಲಾಸಂಗೆ ಒಂದೂವರೆ. ಹೂ ಬಂದ ದಿನ ಬೇಡ. ಬೀಗದ ಕೈ: ಯಥಾಸ್ಥಾನ.”

ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಎಂಬುದೇ ನನ್ನ ಸಂಕಟ. ನಾನು ಕೆಲಸಕ್ಕೆ ಸೇರಿದ ವರ್ಷ ರೊಬಸ್ಟಾ ಕಾಫಿಗೆ ಬ್ಲಾಸಂ ನೀರು, ಅಂದರೆ ಹೂ ಅರಳಿಸುವ ನೀರು, ಕೊಡುವ ಕಾಲ ಬಂದಾಗ, ನಾಲ್ಕನೆಯ ವಾಕ್ಯವನ್ನು ಓದಿ, ಹೂ ಬಂದ ದಿನ ಬೇಡವಾದದ್ದು ಏನು ಎಂದು ಬಹಳ ಹೊತ್ತು ಯೋಚಿಸಿದ್ದೆ. ಆಳುಗಳಿಗೆ ಕೆಲಸ ಬೇಡವೇ, ರೈಟರಿಗೆ ರಜೆ ಬೇಡವೇ, ಅಥವಾ ಬೆಂಗಳೂರಿನಿಂದ ಫೋಟೋ ತೆಗೆಸಿಕೊಳ್ಳಲು ಬರುವ ಸಾಹುಕಾರರ ನೆಂಟರು ಬೇಡವೇ? ಕೊನೆಗೆ ಹಳೆಯ ರೈಟರಿಗೇ ಫೋನ್ ಮಾಡಿದೆ.

“ಅಣ್ಣಾ, ಹೂ ಬಂದ ದಿನ ಏನು ಬೇಡ?”

“ಬರೆದಿದ್ದೇನಲ್ಲ.”

“ಬೇಡ ಎಂದು ಬರೆದಿದ್ದೀರಿ. ಏನು ಎಂದು ಬರೆದಿಲ್ಲ.”

“ಅದೇ,” ಎಂದು ಫೋನ್ ಇಟ್ಟರು. ಬೀಗದ ಕೈಯನ್ನು ಕೇಳಲು ಮತ್ತೆ ಮಾಡಿದಾಗಲೂ “ಬರೆದಿದ್ದೇನಲ್ಲ” ಎಂಬ ಉತ್ತರವೇ ಬಂತು. ಅವರ ಮನೆಯಲ್ಲಿ ಊಟಕ್ಕೆ ಏನು ಮಾಡಲಿ ಎಂದು ಕೇಳುವವರ ಗತಿಯನ್ನು ನೆನೆದು ನನಗೆ ಮರುಕವಾಯಿತು. ಅರ್ಥವನ್ನು ಬಿಡಿಸಿ ಹೇಳಿದವನು ಪಂಪಿನ ಕೆಲಸದಾಳು. ಬೇಡವಾದದ್ದು ಜೆಟ್, ಅಂದರೆ ಗಿಡಗಳ ಮೇಲೆ ಮಳೆಯಂತೆ ನೀರು ಹಾರಿಸುವ ನಳಿಕೆ.

ಆದ್ದರಿಂದ ಸಾಹುಕಾರರ ಅಪ್ಪಣೆಯನ್ನು ಗೌರವದಿಂದ ಬದಿಗಿಟ್ಟು, ಆ ವಾಕ್ಯವನ್ನು ಹೀಗೆ ಬರೆದಿದ್ದೇನೆ: “ನೀರು ಕೊಟ್ಟ ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ಹೂ ಅರಳುತ್ತದೆ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲವಾದ್ದರಿಂದ, ಗಾಳಿಯೂ ಜೇನೂ ಬೇರೆ ಗಿಡದ ಪರಾಗವನ್ನು ತರಬೇಕು. ಅರಳಿದ ಹೂವಿನ ಮೇಲೆ ಜೆಟ್ ಹಾರಿಸಿದರೆ ಪರಾಗ ತೊಳೆದುಹೋಗುತ್ತದೆ. ಆದ್ದರಿಂದ ಅರಳಿರುವ ಬ್ಲಾಕನ್ನು ಬಿಟ್ಟು ಪೈಪುಗಳನ್ನು ಬೇರೆ ಬ್ಲಾಕಿಗೆ ಸಾಗಿಸಿರಿ. ಬ್ಲಾಸಂ ನೀರಾದ ಸುಮಾರು ಇಪ್ಪತ್ತು ದಿನಗಳ ಮೇಲೆ, ಅಷ್ಟರಲ್ಲಿ ಮಳೆ ಬಾರದಿದ್ದರೆ, ಬ್ಯಾಕಿಂಗ್ ನೀರು, ಅಂದರೆ ಕಾಯಿ ನಿಲ್ಲಿಸುವ ಎರಡನೆಯ ನೀರು, ಕೊಡಬೇಕು.”

“ಒಂದೂವರೆ” ಎಂದರೆ ಒಂದೂವರೆ ಗಂಟೆಯಲ್ಲ, ಒಂದೂವರೆ ಇಂಚು. ಇಂಚಿನ ನೂರನೆಯ ಒಂದು ಭಾಗವನ್ನು ಸೆಂಟ್ ಎನ್ನುವ ನಮ್ಮ ಲೆಕ್ಕದಲ್ಲಿ 150 ಸೆಂಟ್, ಅಂದರೆ ಸುಮಾರು 38 ಮಿಲಿಮೀಟರ್. ಎಷ್ಟು ಹೊತ್ತು ಜೆಟ್ ಹಾರಿಸಿದರೆ ಅಷ್ಟಾಗುತ್ತದೆ ಎಂಬುದು ಒತ್ತಡವನ್ನೂ ನಳಿಕೆಯ ಸವೆತವನ್ನೂ ಅವಲಂಬಿಸುತ್ತದೆ. ಜೆಟ್‌ಗಳ ನಡುವೆ ನಾಲ್ಕಾರು ಕಡೆ ನೇರ ಬದಿಯ ಖಾಲಿ ಡಬ್ಬಿಗಳನ್ನಿಟ್ಟು ಒಂದು ಗಂಟೆಯ ನಂತರ ಅಳೆದು, ಸರಾಸರಿ 10 ಮಿಲಿಮೀಟರ್ ನಿಂತಿದ್ದರೆ ಹೆಚ್ಚುಕಡಿಮೆ ನಾಲ್ಕು ಗಂಟೆ ಬೇಕೆಂದು ತಿಳಿಯಬೇಕು. ಇದನ್ನು ಬರೆಯದೆ ಹೋದರೆ ಹೊಸಬನು ಒಂದೂವರೆ ಗಂಟೆಗೇ ಪಂಪ್ ನಿಲ್ಲಿಸಿ ನಿಶ್ಚಿಂತನಾಗಿ ಊಟಕ್ಕೆ ಕೂರುವನು.

ಇನ್ನು “ಪಂಪ್ ಎತ್ತದಿದ್ದರೆ ನೀರು.” ಯಾರಿಗೆ ನೀರು? ಪಂಪಿಗೋ, ಕೂಗಿ ಬಾಯಾರಿದ ರೈಟರಿಗೋ? ಕೇಸಿಂಗಿನಲ್ಲಿ ಗಾಳಿ ತುಂಬಿದ್ದರೆ ಪಂಪ್ ಕೆರೆಯ ನೀರನ್ನು ಎಳೆಯಲಾರದು. ಡೆಲಿವರಿ ವಾಲ್ವ್ ಮುಚ್ಚಿ, ಮೇಲಿನ ಗಾಳಿಯ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದೆ ನೀರು ಉಕ್ಕುವವರೆಗೆ ತುಂಬಿಸಬೇಕು. ಬಳಿಕ ಸ್ವಲ್ಪ ಹೊತ್ತು ಕಾಯಬೇಕು. ಈ ಕಾಯುವಿಕೆಯನ್ನು ಯಾರೂ ಹೇಳಿಕೊಡುವುದಿಲ್ಲ. ತುಂಬಿಸಿದ ನೀರು ತಾನಾಗಿ ಇಳಿದರೆ, ಕೆರೆಯೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿನಲ್ಲಿ ಸಿಲ್ವರ್ ಓಕ್‌ನ ಎಲೆಯೋ ಕಡ್ಡಿಯೋ ಸಿಕ್ಕಿಕೊಂಡಿದೆ ಎಂದರ್ಥ. ಆಗ ಕೊಡಗಟ್ಟಲೆ ಸುರಿದು ಪ್ರಯೋಜನವಿಲ್ಲ, ಪೈಪನ್ನು ಮೇಲೆತ್ತಿ ತೆಗೆಯಲೇಬೇಕು. ನೀರು ನಿಂತರೂ ಪಂಪ್ ಎತ್ತದಿದ್ದರೆ ಸಕ್ಷನ್ ಜೋಡಣೆಯಲ್ಲೋ ಪಂಪಿನ ದಂಡ ಹೊರಬರುವಲ್ಲಿನ ಗ್ಲ್ಯಾಂಡಿನಲ್ಲೋ ಗಾಳಿ ನುಗ್ಗುತ್ತಿರುತ್ತದೆ. ಎಲ್ಲ ಸರಿಯಾಗಿ ಎಂಜಿನ್ ಓಡಿ, ಒತ್ತಡದ ಮುಳ್ಳು ಸ್ಥಿರವಾದ ಮೇಲೆಯೇ ವಾಲ್ವನ್ನು ನಿಧಾನವಾಗಿ ತೆರೆಯಬೇಕು.

ಮಳೆಯ ಸಾಲಿಗೂ ಒಂದು ಮಾತನ್ನು ಸೇರಿಸಿದ್ದೇನೆ: ಬೆಳಿಗ್ಗೆ 8 ಗಂಟೆಗೆ ಅಳೆದದ್ದು ಕಳೆದ ಇಪ್ಪತ್ನಾಲ್ಕು ಗಂಟೆಯ ಮಳೆ, ಈ ತೋಟದ ಪುಸ್ತಕದಲ್ಲಿ ಅದು ಅಳೆದ ದಿನದ ತಾರೀಖಿನಲ್ಲಿಯೇ ಇದೆ, ದಯವಿಟ್ಟು ನಡುವೆ ಬದಲಿಸಬೇಡಿ.

ಹಳೆಯ ರೈಟರಿಗೆ ಇವೆಲ್ಲ ಕೈಗೇ ಗೊತ್ತಿದ್ದವು, ಗೊತ್ತಿದ್ದವರಿಗೆ ಬರೆಯಬೇಕೆನ್ನಿಸುವುದಿಲ್ಲವೇನೋ. ಈ ಸಲದ ಹೂವನ್ನು ನಾನು ಇಲ್ಲಿ ನೋಡುವುದಿಲ್ಲ. ಹಿಟ್ಟು ಚೆಲ್ಲಿದಂತೆ ಬೆಳ್ಳಗಾದ ಆ ಇಳಿಜಾರಿನ ಬ್ಲಾಕನ್ನು ಹೊಸ ಹುಡುಗ ನೋಡುವನು ಎಂದು ಬರೆಯುವಾಗ ಸ್ವಲ್ಪ ಹೊಟ್ಟೆಕಿಚ್ಚಾದದ್ದು ನಿಜ. ಅದನ್ನು ಟಿಪ್ಪಣಿಯಲ್ಲಿ ಸೇರಿಸಲಿಲ್ಲ.

ಸಾಹುಕಾರರು ನನ್ನ ಹಾಳೆಗಳನ್ನು ಎಣಿಸಿ, ಓದದೆ, “ಇಷ್ಟೆಲ್ಲ ಬೇಕಿತ್ತೇ?” ಎಂದು ಕೇಳಿದರು. ಬಳಿಕ ಪಂಪ್ ಶೆಡ್ಡಿನ ಬೀಗದ ಕೈ ಎಲ್ಲಿದೆ ಎಂದು ಕೇಳಿದರು.

ಅದು ಮೂರನೆಯ ಹಾಳೆಯಲ್ಲಿದೆ ಎಂದೆ.